ಸಿಗ್ನಲ್‌ನಲ್ಲಿ ನಿಂತಾಗ ವಾಚ್ ಕೂಡ ನಿಲ್ಲಬೇಕಾ?

"ಸರ್, ನಾನು ಧಾರವಾಡದವನು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಆಫೀಸಿಗೆ ಹೋಗುವ ಮುಂಚೆ ವನಾಜ್‌ನಿಂದ ಗರ್‌ವಾರೆ ಕಾಲೇಜಿನವರೆಗೆ ಮೆಟ್ರೋ ಕೆಳಗಿನ ರಸ್ತೆಯಲ್ಲೇ ಓಡಿ ವಾಪಸ್ ಬರುತ್ತೇನೆ. ಹತ್ತಿರ ಹತ್ತಿರ 10 ಕಿ.ಮೀ. ಗಾರ್ಮಿನ್ ಫೋರ್‌ರನ್ನರ್ ವಾಚ್ ಇದೆ. ಆಟೋ ಪಾಸ್ ಆನ್ ಇದೆ, ಪೇಸ್ ಕಿಲೋಮೀಟರ್‌ಗೆ 9:00 ನಿಮಿಷಕ್ಕಿಂತ ನಿಧಾನವಾದರೆ ವಾಚ್ ತಾನೇ ನಿಲ್ಲುವ ಹಾಗೆ ಇಟ್ಟಿದ್ದೇನೆ. ಆಟೋ ಲ್ಯಾಪ್ 1 ಕಿ.ಮೀ., ಪೇಸ್ ಅಲರ್ಟ್ 6:00ರಿಂದ 6:20. ಆದರೆ ದೂರ ಯಾವಾಗಲೂ 9.7 ಅಂತಲೇ ಬರುತ್ತದೆ. ಪ್ರತಿ ಸಿಗ್ನಲ್ ದಾಟಿದ ಮೇಲೆ ಅಲರ್ಟ್ ಹೊಡೆದುಕೊಳ್ಳುತ್ತದೆ. ಲ್ಯಾಪ್ ಒಂದು 5:38, ಮುಂದಿನದು 6:47. ಒಬ್ಬ ಗೆಳೆಯ ಆಟೋ ಪಾಸ್ ಅಂದರೆ ಮೋಸ ಅನ್ನುತ್ತಾನೆ, ಇನ್ನೊಬ್ಬ ಅದನ್ನು ತೆಗೆದರೆ ಸರಾಸರಿ ಕೆಟ್ಟು ವಾಚ್ ನಮ್ಮನ್ನು ಅನ್‌ಫಿಟ್ ಅಂದುಕೊಳ್ಳುತ್ತದೆ ಅನ್ನುತ್ತಾನೆ. ಜನವರಿಯಲ್ಲಿ ಮುಂಬೈ ಹಾಫ್ ಮ್ಯಾರಥಾನ್ 2 ಗಂಟೆ 10 ನಿಮಿಷದೊಳಗೆ ಮುಗಿಸಬೇಕು ಅಂತಿದೆ. ಏನು ಸೆಟ್ಟಿಂಗ್ ಇಡಲಿ? ಒಂದು ದಿನದ ಫೈಲ್ ಕಳಿಸಿದ್ದೇನೆ, ಅವತ್ತು ಒಂಬತ್ತು ಸಿಗ್ನಲ್‌ನಲ್ಲಿ ನಿಂತಿದ್ದೆ."

ನಿಮ್ಮ ಫೈಲ್ ತೆರೆದು ನೋಡಿದೆ. ಮೊದಲು ಆ 300 ಮೀಟರ್ ಎಲ್ಲಿ ಹೋಯಿತು ಅಂತ ಹುಡುಕೋಣ, ಯಾಕೆಂದರೆ ಉಳಿದದ್ದೆಲ್ಲ ಅಲ್ಲಿಂದಲೇ ಬಿಡಿಸಿಕೊಳ್ಳುತ್ತದೆ.

ಆ ದಿನ ನೀವು ಮನೆಯಿಂದ ಹೊರಟು ಮುಗಿಸುವವರೆಗೆ 1:10:10 ಆಗಿದೆ. ವಾಚ್ ಲೆಕ್ಕಕ್ಕೆ ತೆಗೆದುಕೊಂಡದ್ದು 1:00:30 ಮಾತ್ರ. ಅಂದರೆ 9 ನಿಮಿಷ 40 ಸೆಕೆಂಡ್ ಅದು ನಿಂತಿತ್ತು. ದೂರ 9.71. ನೀವು ಬರೆದ ಪ್ರಕಾರ ನಿಜವಾಗಿ ನಿಂತದ್ದು ಒಂಬತ್ತು ಕಡೆ. ಆದರೆ ಫೈಲಿನಲ್ಲಿ ವಾಚ್ ನಿಂತು ಮತ್ತೆ ಶುರುವಾದದ್ದು ಒಂಬತ್ತಕ್ಕಿಂತ ಜಾಸ್ತಿ ಸಲ ಇದೆ. ನಳ್ ಸ್ಟಾಪ್ ಹತ್ತಿರ ಹೋಗುವಾಗಲೂ ಬರುವಾಗಲೂ ಸಿಗ್ನಲ್ ಇಲ್ಲದ ಜಾಗದಲ್ಲಿ ಹತ್ತು ಸೆಕೆಂಡ್, ಹದಿನೈದು ಸೆಕೆಂಡ್ ನಿಂತಿದೆ. ಅಲ್ಲಿ ನೀವು ಓಡುತ್ತಲೇ ಇದ್ದಿರಿ. ವಾಚ್ ಮಾತ್ರ ನೀವು ನಿಂತಿದ್ದೀರಿ ಅಂದುಕೊಂಡಿತು.

ಯಾಕೆ ಹೀಗೆ? ಆ ರಸ್ತೆ ನೋಡಿ. ವನಾಜ್‌ನಿಂದ ಗರ್‌ವಾರೆ ಕಾಲೇಜಿನವರೆಗೆ ಪೂರ್ತಿ ತಲೆಯ ಮೇಲೆ ಮೆಟ್ರೋ ಇದೆ. ನಳ್ ಸ್ಟಾಪ್‌ನಲ್ಲಂತೂ ಎರಡು ಅಂತಸ್ತು, ಮೇಲೆ ಮೆಟ್ರೋ, ನಡುವೆ ವಾಹನಗಳ ಫ್ಲೈಓವರ್, ಅದರ ಕೆಳಗೆ ನೀವು. ಜಿಪಿಎಸ್‌ಗೆ ಬೇಕಾಗಿರುವುದು ಬಯಲು ಆಕಾಶ. ಅಲ್ಲಿ ಅರ್ಧ ಆಕಾಶವನ್ನು ಕಾಂಕ್ರೀಟ್ ಮುಚ್ಚಿರುತ್ತದೆ, ಉಳಿದ ಜಿಪಿಎಸ್ ಸಿಗ್ನಲ್ ಕೂಡ ಕಂಬಗಳಿಗೂ ಕಟ್ಟಡಗಳಿಗೂ ಬಡಿದು ಸುತ್ತಿ ಬಳಸಿ ಬರುತ್ತದೆ. ಹಾಗಾಗಿ ವಾಚ್‌ಗೆ ನೀವು ಒಮ್ಮೆ ಹಿಂದೆ, ಒಮ್ಮೆ ಪಕ್ಕದ ಗಲ್ಲಿಯಲ್ಲಿ ಇದ್ದ ಹಾಗೆ ಕಾಣುತ್ತದೆ. ನೀವು 6:10ರಲ್ಲಿ ಓಡುತ್ತಿದ್ದರೂ ಕೆಲವು ಸೆಕೆಂಡ್ ಪರದೆಯ ಮೇಲೆ 9:30 ಅಂತ ಬರಬಹುದು. ನೀವೋ, 9:00ಕ್ಕಿಂತ ನಿಧಾನವಾದರೆ ನಿಲ್ಲು ಅಂತ ಹೇಳಿಟ್ಟಿದ್ದೀರಿ. ಅದು ಹೇಳಿದ ಮಾತು ಕೇಳಿತು, ಅಷ್ಟೇ.

ಈಗ ಲೆಕ್ಕ ಹಾಕಿ ನೋಡಿ. ನಿಮ್ಮ ವೇಗದಲ್ಲಿ ಒಂದು ಸೆಕೆಂಡಿಗೆ 2.7 ಮೀಟರ್ ಸಾಗುತ್ತೀರಿ. ಈ ಸುಳ್ಳು ನಿಲುಗಡೆಗಳನ್ನೆಲ್ಲ ಕೂಡಿದರೆ ಸುಮಾರು 64 ಸೆಕೆಂಡ್, ಅಂದರೆ ಹೆಚ್ಚುಕಮ್ಮಿ 170 ಮೀಟರ್. ಇನ್ನು ನಿಜವಾದ ಒಂಬತ್ತು ಸಿಗ್ನಲ್‌ಗಳಲ್ಲೂ ನೀವು ಮತ್ತೆ ಓಡಲು ಶುರು ಮಾಡಿದ ಮೇಲೆ ವಾಚ್ ಎದ್ದೇಳಲು ಮೂರ್ನಾಲ್ಕು ಸೆಕೆಂಡ್ ಬೇಕು. ಸಲಕ್ಕೆ 11 ಮೀಟರ್ ಅಂದರೂ ಒಂಬತ್ತು ಸಲಕ್ಕೆ 100 ಮೀಟರ್ ಆಯಿತು. ಎರಡೂ ಸೇರಿ 270. ನಿಮ್ಮ 9.71ಕ್ಕೆ ಅದನ್ನು ಸೇರಿಸಿದರೆ 9.98. ಕಳೆದುಹೋದ ದೂರ ಸಿಕ್ಕಿತು ಅಲ್ವಾ?

ಇಲ್ಲಿ ಒಂದು ವಿಷಯ ಗಮನಿಸಿ. ದೂರ ತಪ್ಪಿದಷ್ಟು ಪೇಸ್ ತಪ್ಪುವುದಿಲ್ಲ. ವಾಚ್ ಮಲಗಿದ್ದಾಗ ದೂರವೂ ಹೋಗುತ್ತದೆ, ಸಮಯವೂ ಹೋಗುತ್ತದೆ, ಹಾಗಾಗಿ ಭಾಗಾಕಾರ ಹೆಚ್ಚುಕಮ್ಮಿ ಅಲ್ಲೇ ಉಳಿಯುತ್ತದೆ. ನಿಲ್ಲುವಾಗ ಮಾತ್ರ ಸ್ವಲ್ಪ ಉಲ್ಟಾ. ನೀವು ನಿಂತರೂ ವಾಚ್‌ಗೆ ಅದು ಗೊತ್ತಾಗಲು ಮತ್ತೆ ಮೂರ್ನಾಲ್ಕು ಸೆಕೆಂಡ್ ಹಿಡಿಯುತ್ತದೆ, ಆಗ ದೂರ ಇಲ್ಲದೆ ಸಮಯ ಮಾತ್ರ ಓಡುತ್ತದೆ. ಒಂಬತ್ತು ಸಲಕ್ಕೆ ಅರ್ಧ ನಿಮಿಷದಷ್ಟು. ಹಾಗಾಗಿಯೇ ವಾಚ್ ನಿಮಗೆ 6:14 ಅಂತ ತೋರಿಸಿತು, ನನ್ನ ಲೆಕ್ಕದಲ್ಲಿ ನೀವು ಓಡಿದ್ದು 6:10ರಲ್ಲಿ. ನಾಲ್ಕು ಸೆಕೆಂಡಿಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಆದರೆ ತಿಂಗಳ ಕೊನೆಗೆ ಎಷ್ಟು ಓಡಿದೆ ಅಂತ ದೂರ ಕೂಡಿಸುವವರಿಗೆ ಆ 270 ಮೀಟರ್ ಪ್ರತಿ ಸಲ ಕೈ ಬಿಡುತ್ತಲೇ ಇರುತ್ತದೆ.

ಮೊದಲ ಬದಲಾವಣೆ ಸುಲಭದ್ದು. ರನ್ ಚಟುವಟಿಕೆಯ ಸೆಟ್ಟಿಂಗ್‌ನಲ್ಲಿ `Auto Pause` ಒಳಗೆ ಎರಡು ಆಯ್ಕೆ ಇರುತ್ತವೆ, `When Stopped` ಮತ್ತು `Pace`. ನೀವು ಎರಡನೆಯದನ್ನು ಆರಿಸಿದ್ದೀರಿ. ಮೊದಲನೆಯದಕ್ಕೆ ಬದಲಿಸಿ. ಆಗ ಪೂರ್ತಿ ನಿಂತರೆ ಮಾತ್ರ ನಿಲ್ಲುತ್ತದೆ, ಏರಿನಲ್ಲಿ ನಿಧಾನವಾದರೂ ನಾಲ್ಕು ಹೆಜ್ಜೆ ನಡೆದರೂ ನಿಲ್ಲುವುದಿಲ್ಲ. ಸೇತುವೆ ಕೆಳಗಿನ ಸುಳ್ಳು ನಿಲುಗಡೆಗಳಲ್ಲಿ ಬಹುಪಾಲು ಇದರಿಂದಲೇ ಹೋಗುತ್ತವೆ. ಪೂರ್ತಿ ಹೋಗುತ್ತವೆ ಅಂತ ಹೇಳಲಾರೆ. ನಿಮ್ಮ ಮಾಡೆಲ್‌ನಲ್ಲಿ ಮಲ್ಟಿ ಬ್ಯಾಂಡ್ ಜಿಪಿಎಸ್ ಇದ್ದರೆ ಅದನ್ನೂ ಆನ್ ಮಾಡಿ. ಬ್ಯಾಟರಿ ಜಾಸ್ತಿ ತಿನ್ನುತ್ತದೆ, ಕಟ್ಟಡಗಳಿಗೆ ಬಡಿದು ಬಂದ ಸಿಗ್ನಲ್‌ಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಆದರೆ ತಲೆಯ ಮೇಲಿನ ಕಾಂಕ್ರೀಟ್ ಅನ್ನು ಯಾವ ಬ್ಯಾಂಡೂ ಸರಿಸಲಾರದು.

ಬದಲಾವಣೆ ಕೆಲಸ ಮಾಡಿತಾ ಅಂತ ತಿಳಿಯುವುದು ಹೇಗೆ? ಒಂದು ದಿನ ಅದೇ ದಾರಿಯಲ್ಲಿ ಆಟೋ ಪಾಸ್ ಪೂರ್ತಿ ಆಫ್ ಮಾಡಿ ಓಡಿ. ಮನೆಗೆ ಬಂದು ಆ್ಯಪ್‌ನಲ್ಲಿ ಪೇಸ್ ಗ್ರಾಫನ್ನೂ ಕೇಡೆನ್ಸ್ ಗ್ರಾಫನ್ನೂ, ಅಂದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನುವುದನ್ನು, ಒಂದರ ಕೆಳಗೊಂದು ಇಟ್ಟು ನೋಡಿ. ನಿಜವಾಗಿ ಸಿಗ್ನಲ್‌ನಲ್ಲಿ ನಿಂತಾಗ ಎರಡೂ ಒಟ್ಟಿಗೆ ಬೀಳುತ್ತವೆ. ಪೇಸ್ ಮಾತ್ರ ಬಿದ್ದು ಹೆಜ್ಜೆ 165ರ ಆಸುಪಾಸಿನಲ್ಲೇ ಇದ್ದರೆ ಅದು ಜಿಪಿಎಸ್‌ನ ಕಿತಾಪತಿ, ನಿಮ್ಮ ಕಾಲಿನದಲ್ಲ. ಹೆಜ್ಜೆಯನ್ನು ವಾಚ್ ಎಣಿಸುವುದು ಕೈ ಬೀಸುವಿಕೆಯಿಂದ, ಅದಕ್ಕೆ ಆಕಾಶ ಬೇಕಿಲ್ಲ. ಆ ಜಾಗಗಳನ್ನು ಮನಸ್ಸಲ್ಲಿ ಗುರುತು ಮಾಡಿಕೊಳ್ಳಿ. ಅಲ್ಲಿ ವಾಚ್ ಏನು ಹೇಳಿದರೂ ನಂಬಬೇಡಿ. ಅಂದಹಾಗೆ ಸಿಗ್ನಲ್‌ನಲ್ಲಿ ನಿಂತಲ್ಲೇ ಜಾಗ್ ಮಾಡುವ ಅಭ್ಯಾಸ ಇದ್ದರೆ ಬಿಡಿ. ಕೈ ಬೀಸುತ್ತಿದ್ದರೆ ಎಷ್ಟೋ ಸಲ ವಾಚ್ ನಿಲ್ಲುವುದೇ ಇಲ್ಲ.

ಈಗ ಅಲರ್ಟ್. ನನ್ನ ಅಭಿಪ್ರಾಯದಲ್ಲಿ ನಿಮ್ಮ ಓಟವನ್ನು ಕೆಡಿಸುತ್ತಿರುವುದು ಆಟೋ ಪಾಸ್ ಅಲ್ಲ, ಇದು. ನನ್ನ ಹತ್ತಿರ ಟ್ರೇನಿಂಗ್‌ಗೆ ಬರುವವರಲ್ಲೂ ಇದೇ ಕಾಣುತ್ತೇನೆ.

ಪೇಸ್ ಅಲರ್ಟ್ ನೋಡುವುದು ಆ ಕ್ಷಣದ ಪೇಸನ್ನು. ಆ ಕ್ಷಣದ್ದು ಅಂತ ಹೆಸರಿಗೆ ಮಾತ್ರ. ಜಿಪಿಎಸ್ ಕೊಡುವ ವೇಗ ತುಂಬಾ ಅಲ್ಲಾಡುತ್ತದೆ, ಅದಕ್ಕೆ ವಾಚ್ ಹಿಂದಿನ ಕೆಲವು ಸೆಕೆಂಡ್‌ಗಳನ್ನು ಸೇರಿಸಿ ಸಮ ಮಾಡಿ ತೋರಿಸುತ್ತದೆ. ನೀವು ಹಸಿರು ಬಿದ್ದ ತಕ್ಷಣ 6:10ಕ್ಕೆ ಬಂದಿದ್ದರೂ ಪರದೆಯಲ್ಲಿ ಇನ್ನೂ 8:00, 7:15 ಅಂತ ಇಳಿಯುತ್ತಿರುತ್ತದೆ. ಅಷ್ಟರಲ್ಲಿ ಅಲರ್ಟ್ ಬರುತ್ತದೆ, ನಿಧಾನ ಆಯಿತು ಅಂತ. ನೀವು ಜೋರು ಮಾಡುತ್ತೀರಿ. ಆ ಜೋರು ಪರದೆಗೆ ಬರುವುದು ಮತ್ತೆ ತಡವಾಗಿ, ಆಗ 5:30 ತೋರಿಸಿ ಜಾಸ್ತಿ ಆಯಿತು ಅಂತ ಹೊಡೆದುಕೊಳ್ಳುತ್ತದೆ. ನೀವು ಬ್ರೇಕ್ ಹಾಕುತ್ತೀರಿ. ಹೀಗೆ ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ಏರಿಳಿತ. ನಿಮ್ಮ 5:38 ಮತ್ತು 6:47 ಅಕ್ಕಪಕ್ಕ ಕೂತಿರುವುದು ಹೀಗೆ. ಎರಡರ ಸರಾಸರಿ ನೋಡಿದರೆ 6:12, ನೀವು ಬಯಸಿದ್ದೇ. ಆದರೆ ಕಾಲುಗಳು ಓಡಿದ್ದು ಬೇರೆಯದೇ ವರ್ಕೌಟ್. ಹಾರ್ಟ್‌ರೇಟ್ ಗ್ರಾಫ್‌ನಲ್ಲೂ ಕಾಣುತ್ತದೆ, ಪ್ರತಿ ಸಿಗ್ನಲ್ ಆದ ಮೇಲೆ ಒಂದು ಚೂಪಾದ ಏರು.

ಇದರಲ್ಲಿ ಅಪಾಯವೂ ಇದೆ. ಸಿಗ್ನಲ್ ದಾಟುವ ಆ ಹತ್ತು ಸೆಕೆಂಡ್‌ನಲ್ಲೇ ಕೈಯಲ್ಲಿ ವಾಚ್ ನಡುಗುತ್ತದೆ, ಕಣ್ಣು ಮಣಿಕಟ್ಟಿಗೆ ಹೋಗುತ್ತದೆ. ಪೌಡ್ ಫಾಟಾದಲ್ಲಿ ತಿರುಗುವ ಬಸ್ಸು, ಎಡಗಡೆಯಿಂದ ನುಗ್ಗುವ ಸ್ಕೂಟರ್, ನೋಡಬೇಕಾದದ್ದು ಅದನ್ನು.

ಹಾಗಾದರೆ ಏನು ಮಾಡುವುದು? ಈ ರಸ್ತೆಗೆ ನಿಧಾನದ ಅಲರ್ಟ್ ಬೇಡವೇ ಬೇಡ. ನಿಮ್ಮ ವಾಚ್‌ನಲ್ಲಿ ಅದೊಂದನ್ನೇ ಆಫ್ ಮಾಡಲು ಬಂದರೆ ಮಾಡಿ. ಬಾರದಿದ್ದರೆ ನಿಧಾನದ ಗಡಿಯನ್ನು ಎಲ್ಲೋ ದೂರ, 12:00ಕ್ಕೆ, ಇಟ್ಟುಬಿಡಿ. ವೇಗದ ಕಡೆಯ ಗಡಿಯನ್ನು ಮಾತ್ರ ಉಳಿಸಿಕೊಳ್ಳಿ, ಅದನ್ನೂ 6:00ರಲ್ಲಿ ಅಲ್ಲ, 5:45ರ ಹತ್ತಿರ. ಸಿಗ್ನಲ್ ಆದ ಮೇಲೆ ಉತ್ಸಾಹದಲ್ಲಿ ಜೋರಾಗಿ ಹೊರಟವರನ್ನು ತಡೆಯುವುದು ಒಂದು ಉಪಯೋಗ, ಅದಕ್ಕಷ್ಟೇ ಅದು ಸಾಕು. 20 ಸೆಕೆಂಡ್‌ನ ಕಿರಿದಾದ ಪಟ್ಟಿಯಲ್ಲಿ ಓಡಿಸುವ ಅಲರ್ಟ್ ಟ್ರ್ಯಾಕ್‌ಗೆ ಸರಿ, ಬಯಲಿನ ಉದ್ದ ರಸ್ತೆಗೆ ಸರಿ, ಸೇತುವೆ ಕೆಳಗೆ ಜಿಪಿಎಸ್‌ನ ತಪ್ಪೇ ಅದಕ್ಕಿಂತ ಅಗಲ ಇರುತ್ತದೆ.

ಪೇಸ್ ನೋಡಲೇಬೇಕು ಅನಿಸಿದರೆ ಪರದೆಯಲ್ಲಿ `Pace` ತೆಗೆದು `Lap Pace` ಹಾಕಿಕೊಳ್ಳಿ. ಅದು ಈ ಕಿಲೋಮೀಟರ್ ಶುರುವಾದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಮೊದಲ 200 ಮೀಟರ್ ಅದೂ ಕುಣಿಯುತ್ತದೆ, ಆಮೇಲೆ ಸ್ಥಿರವಾಗುತ್ತದೆ. ನಿಮ್ಮ 1 ಕಿ.ಮೀ. ಆಟೋ ಲ್ಯಾಪ್ ಇದಕ್ಕೆ ಸರಿಯಾಗಿಯೇ ಇದೆ, ಬದಲಿಸಬೇಡಿ.

ಲ್ಯಾಪ್ ಪೇಸ್ ನೋಡುವವರಿಗೆ ಆಟೋ ಪಾಸ್ ನಿಜವಾಗಿ ಬೇಕಾಗುವುದು ಇಲ್ಲಿಯೇ. ಆಟೋ ಪಾಸ್ ಆಫ್ ಇದ್ದು, ಒಂದು ಕಿಲೋಮೀಟರ್‌ನ ನಡುವೆ 50 ಸೆಕೆಂಡ್ ಸಿಗ್ನಲ್ ಬಂತು ಅಂದುಕೊಳ್ಳಿ. 6:10ರ ಕಿಲೋಮೀಟರ್ 7:00 ಅಂತ ಬೀಳುತ್ತದೆ. ಅರ್ಧ ಕಿಲೋಮೀಟರ್ ಉಳಿದಿರುವಾಗ ಲ್ಯಾಪ್ ಪೇಸ್ 7:50 ತೋರಿಸಿದರೆ ಅದನ್ನು ಸರಿ ಮಾಡಲು ನೀವು 4:30ರಲ್ಲಿ ಓಡಬೇಕು. ಮಾಡಬಾರದು ಅಂತ ಗೊತ್ತಿದ್ದರೂ ಕಾಲು ಅತ್ತ ಎಳೆಯುತ್ತದೆ, ಇಲ್ಲವೇ ಮುಂದಿನ ಸಿಗ್ನಲ್‌ನಲ್ಲಿ ಕೆಂಪು ಬಿದ್ದರೂ ನುಗ್ಗುವ ಮನಸ್ಸಾಗುತ್ತದೆ. ಆಟೋ ಪಾಸ್ ಆನ್ ಇದ್ದರೆ ಈ ಒತ್ತಡ ಇರುವುದಿಲ್ಲ. ಹಾಗಾಗಿ ಆಫೀಸಿಗೆ ಮುಂಚಿನ ನಿಮ್ಮ ಓಟಗಳಿಗೆ ಅದನ್ನು `When Stopped`ನಲ್ಲಿ ಆನ್ ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ.

ಇನ್ನೊಂದು ದಾರಿ ಇದೆ, ನನಗೆ ಹೆಚ್ಚು ಇಷ್ಟದ್ದು. ಆಟೋ ಪಾಸ್ ಆಫ್ ಮಾಡಿ, ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೆ, ಹೊರಟಾಗ ಒಮ್ಮೆ ಲ್ಯಾಪ್ ಬಟನ್ ಒತ್ತುವುದು. ನಿಂತ ಹೊತ್ತು ಒಂದು ಪ್ರತ್ಯೇಕ ಲ್ಯಾಪ್ ಆಗುತ್ತದೆ, ಓಡಿದ ತುಂಡುಗಳು ತಮ್ಮ ಪೇಸ್‌ನೊಂದಿಗೆ ಬೇರೆ ಉಳಿಯುತ್ತವೆ, ಏನೂ ಕಳೆಯುವುದಿಲ್ಲ. ಕಿಲೋಮೀಟರ್ ಎಣಿಕೆ ಬಟನ್ ಒತ್ತಿದಲ್ಲಿಂದ ಹೊಸದಾಗಿ ಶುರುವಾಗುವುದರಿಂದ ಲ್ಯಾಪ್ ಪಟ್ಟಿ 0.63, 1.00, 0.41 ಅಂತ ಅಂಕುಡೊಂಕಾಗಿ ಕಾಣುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಒಂಬತ್ತು ಸಿಗ್ನಲ್‌ಗೆ ಹದಿನೆಂಟು ಸಲ ಒತ್ತುವುದು ದಿನಾ ಆಗುವ ಮಾತಲ್ಲ. ಪೇಸ್ ಮುಖ್ಯವಾಗಿರುವ ಓಟಕ್ಕೆ ಮಾತ್ರ ಇಟ್ಟುಕೊಳ್ಳಿ. ಸ್ಟಾಪ್ ಬಟನ್ ಒತ್ತಿ ಕೈಯಾರೆ ನಿಲ್ಲಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಮತ್ತೆ ಶುರು ಮಾಡಲು ಮರೆತು ಎರಡು ಕಿಲೋಮೀಟರ್ ಹೋದವರ ಫೈಲ್‌ಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ.

ದುಡ್ಡು ಖರ್ಚು ಮಾಡಲು ಸಿದ್ಧ ಇದ್ದರೆ ಶೂಗೆ ಸಿಕ್ಕಿಸುವ ಫುಟ್ ಪಾಡ್ ಒಂದು ಬರುತ್ತದೆ. ಅದು ಪಾದದ ಚಲನೆಯಿಂದ ಪೇಸ್ ಲೆಕ್ಕ ಹಾಕುತ್ತದೆ, ಸೇತುವೆ ಕೆಳಗೂ ತಪ್ಪುವುದಿಲ್ಲ, ನಿಂತದ್ದು ಹೊರಟದ್ದು ಬೇಗ ಗೊತ್ತಾಗುತ್ತದೆ. ವಾಚ್‌ನ ಸೆನ್ಸರ್ ಸೆಟ್ಟಿಂಗ್‌ನಲ್ಲಿ ವೇಗ ಮತ್ತು ದೂರ ಎರಡನ್ನೂ `Always` ಮಾಡಬೇಕು, ಇಲ್ಲದಿದ್ದರೆ ವಾಚ್ ಜಿಪಿಎಸ್ ಸಿಕ್ಕಾಗ ಅದನ್ನೇ ಹಿಡಿಯುತ್ತದೆ. 400 ಮೀಟರ್ ಟ್ರ್ಯಾಕ್ ಮೇಲೆ ಓಡಿ ಸರಿಹೊಂದಿಸಿಕೊಳ್ಳುವುದನ್ನೂ ಬಿಡಬಾರದು. ನಿಮಗೆ ಈಗಲೇ ಬೇಕು ಅಂತ ನನಗೆ ಅನಿಸುವುದಿಲ್ಲ.

ಇನ್ನು ನಿಮ್ಮ ಇಬ್ಬರು ಗೆಳೆಯರ ಮಾತು. ಎರಡನೆಯವರದ್ದು ತಪ್ಪು. ಆಟೋ ಪಾಸ್ ಆಫ್ ಇದ್ದರೂ ಗಾರ್ಮಿನ್ ಆ್ಯಪ್ `Time`, `Moving Time`, `Elapsed Time` ಅಂತ ಮೂರು ಸಮಯ ಬೇರೆ ಬೇರೆ ತೋರಿಸುತ್ತದೆ, ಚಲಿಸುತ್ತಿದ್ದಾಗಿನ ಸರಾಸರಿ ಪೇಸ್ ಕೂಡ ಅಲ್ಲೇ ಇರುತ್ತದೆ. ಫಿಟ್‌ನೆಸ್ ಅಂದಾಜು ಬರುವುದು ಓಡುತ್ತಿದ್ದಾಗಿನ ವೇಗ ಮತ್ತು ಹೃದಯಬಡಿತದ ಸಂಬಂಧದಿಂದ, ನೀವು ಸಿಗ್ನಲ್‌ನಲ್ಲಿ ನಿಂತ ಕಾರಣಕ್ಕೆ ಅದು ನಿಮ್ಮನ್ನು ಕೆಳಗಿಳಿಸುವುದಿಲ್ಲ. ಸ್ಟ್ರಾವಾ ಆ್ಯಪ್ ಕೂಡ ಹಾಗೆಯೇ, ಮಾಮೂಲಿ ಓಟದಲ್ಲಿ ನಿಂತ ಹೊತ್ತನ್ನು ಬಿಟ್ಟು ಪೇಸ್ ಹೇಳುತ್ತದೆ. ಬೇರೆಯವರ ಸಮಯದ ಜೊತೆ ಹೋಲಿಸುವ ರಸ್ತೆಯ ತುಂಡುಗಳಾದ ಸೆಗ್ಮೆಂಟ್‌ಗಳಿಗೆ ಮಾತ್ರ, ಮತ್ತು ನೀವು ರೇಸ್ ಅಂತ ಗುರುತು ಹಾಕಿದ ಓಟಕ್ಕೆ, ಪೂರ್ತಿ ಗಡಿಯಾರದ ಸಮಯ ಹಿಡಿಯುತ್ತದೆ.

ಮೋಸ ಅಂದವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ರಸ್ತೆ ನಿಯಮ ಪಾಲಿಸಿ ನಿಂತದ್ದು ಮೋಸ ಅಲ್ಲ, ಅದನ್ನು ಲೆಕ್ಕದಿಂದ ಬಿಟ್ಟದ್ದೂ ಅಲ್ಲ. ಆದರೆ ಆ 6:10 ನೋಡಿ ನೀವು ಹಾಫ್ ಮ್ಯಾರಥಾನ್‌ನ ಗುರಿ ಹಾಕಿಕೊಂಡಿದ್ದೀರಿ. ಅಲ್ಲಿ ನನಗೆ ಚಿಂತೆ. ನಿಮ್ಮ 10 ಕಿಲೋಮೀಟರ್‌ನಲ್ಲಿ ಎಂಟೂವರೆ ನಿಮಿಷ ವಿಶ್ರಾಂತಿ ಇತ್ತು. ಪ್ರತಿ ಕಿಲೋಮೀಟರ್‌ಗೆ ಹೆಚ್ಚುಕಮ್ಮಿ ಒಂದು ಸಲ ಹೃದಯಬಡಿತ ಇಳಿದು, ಉಸಿರು ಸರಿಯಾಗಿ, ಹೊಸದಾಗಿ ಹೊರಟಿದ್ದೀರಿ. ನಿಂತ ಹೊತ್ತೂ ಸೇರಿಸಿದರೆ 7:02. ನಿಮ್ಮ ನಿಜವಾದ ರೇಸ್ ಶಕ್ತಿ ಈ ಎರಡರ ನಡುವೆ ಎಲ್ಲೋ ಇದೆ, ಸಿಗ್ನಲ್ ರಸ್ತೆಯ ಫೈಲ್ ನೋಡಿ ಅದನ್ನು ಯಾರೂ ಹೇಳಲಾರರು. ಹಾಗಾಗಿ ಎರಡು ಮೂರು ವಾರಕ್ಕೊಮ್ಮೆ ನಿಲ್ಲದೆ ಓಡುವ ಜಾಗಕ್ಕೆ ಹೋಗಿ. ಪುಣೆ ವಿಶ್ವವಿದ್ಯಾಲಯದ ಆವರಣದ ಒಳರಸ್ತೆಗಳು ಬೆಳಗ್ಗೆ ಇದಕ್ಕೆ ಚೆನ್ನ, ಮರಗಳಿದ್ದರೂ ಕಾಂಕ್ರೀಟ್ ಇಲ್ಲ. ಅಲ್ಲಿ ಆಟೋ ಪಾಸ್ ಆಫ್ ಮಾಡಿ, ಮೊದಲು 2 ಕಿ.ಮೀ. ಹಗುರವಾಗಿ ಓಡಿ, ಆಮೇಲೆ 8 ಕಿ.ಮೀ. 6:10ರಲ್ಲಿ ಎಲ್ಲೂ ನಿಲ್ಲದೆ ಓಡಿ. ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಒಂದು ವಾಕ್ಯ ಮಾತಾಡುವಷ್ಟು ಉಸಿರು ಉಳಿದಿದ್ದರೆ ನಿಮ್ಮ ಗುರಿ ಕೈಗೆಟುಕುವಂಥದ್ದು. ಐದನೇ ಕಿಲೋಮೀಟರ್‌ಗೇ ಏದುಸಿರು ಬಂದರೆ 6:30ಕ್ಕೆ ಇಳಿಸಿ ಮತ್ತೆ ನೋಡೋಣ.

ಎರಡು ಜಾಗಕ್ಕೆ ಪದೇ ಪದೇ ಸೆಟ್ಟಿಂಗ್ ತಿರುಗಿಸುತ್ತ ಕೂರಬೇಡಿ. ಬಹಳಷ್ಟು ಫೋರ್‌ರನ್ನರ್‌ಗಳಲ್ಲಿ ರನ್ ಚಟುವಟಿಕೆಯನ್ನು ನಕಲು ಮಾಡಿ ಬೇರೆ ಹೆಸರು ಕೊಡಬಹುದು. ಒಂದು ಸಿಗ್ನಲ್ ರಸ್ತೆಗೆ, ಇನ್ನೊಂದು ನಿಲ್ಲದ ಓಟಕ್ಕೆ. ರೇಸ್‌ಗೂ ಆ ಎರಡನೆಯದೇ.

ಮುಂಬೈಯಲ್ಲಿ ಆಟೋ ಪಾಸ್ ಯಾವ ಕಾರಣಕ್ಕೂ ಆನ್ ಇರಬಾರದು. ನೀರಿನ ಟೇಬಲ್ ಹತ್ತಿರ ನಿಂತು ಕುಡಿದರೆ, ಪೆಡ್ಡರ್ ರೋಡ್ ಏರಿನಲ್ಲಿ ಒಂದು ಕ್ಷಣ ಸೊಂಟಕ್ಕೆ ಕೈ ಇಟ್ಟು ನಿಂತರೆ, ವಾಚ್ ನಿಲ್ಲುತ್ತದೆ, ರೇಸ್‌ನ ಅಧಿಕೃತ ಚಿಪ್ ಟೈಮ್ ನಿಲ್ಲುವುದಿಲ್ಲ. ಒಂದು ನಿಮಿಷ ಕೈಯಲ್ಲಿದೆ ಅಂದುಕೊಂಡು ಓಡುತ್ತೀರಿ, ಅದು ಇರುವುದಿಲ್ಲ. ಆಟೋ ಲ್ಯಾಪ್ ಅನ್ನೂ ಅವತ್ತು ಆಫ್ ಮಾಡಿ, ರಸ್ತೆ ಬದಿಯ ಕಿಲೋಮೀಟರ್ ಬೋರ್ಡ್ ಬಂದಾಗ ಲ್ಯಾಪ್ ಬಟನ್ ಒತ್ತಿ. ಜನರ ನಡುವೆ ಅತ್ತಿತ್ತ ಸರಿದು, ತಿರುವುಗಳನ್ನು ಹೊರಬದಿಯಿಂದ ಸುತ್ತಿ ಓಡುವುದರಿಂದಲೂ ಎತ್ತರದ ಕಟ್ಟಡಗಳಿಂದಲೂ ನಿಮ್ಮ ವಾಚ್ 21.1 ತೋರಿಸಿದಾಗ ರೇಸ್ ಮುಗಿಯುವ ಗೆರೆ ಇನ್ನೂ ಮುಂದೆ ಇರುತ್ತದೆ. 21.3 ಅಂತ ಹಿಡಿದುಕೊಳ್ಳಿ. ವಾಚ್‌ನ 6:10 ನಂಬಿ ಓಡಿದರೆ 2:11:21ಕ್ಕೆ ಮುಗಿಸುತ್ತೀರಿ. ವಾಚ್ ಮೇಲೆ 6:05 ಇದ್ದರೆ 2:09:35. ಬೋರ್ಡ್‌ನಿಂದ ಬೋರ್ಡ್‌ಗೆ ಲೆಕ್ಕ ಹಾಕುವುದಾದರೆ 5 ಕಿ.ಮೀ. ಬೋರ್ಡ್ 30:45ರ ಆಸುಪಾಸಿಗೆ, 10ರ ಬೋರ್ಡ್ 61:30ಕ್ಕೆ, 15ರದ್ದು 1:32:15ಕ್ಕೆ ದಾಟಬೇಕು. ಈ ಮೂರು ಅಂಕಿಗಳನ್ನು ಪೆನ್ನಿನಲ್ಲಿ ಕೈ ಮೇಲೆ ಬರೆದುಕೊಳ್ಳಿ, ಎಲ್ಲ ಅಲರ್ಟ್‌ಗಳನ್ನೂ ಆಫ್ ಮಾಡಿ.